ಮ್ಯಾನೋವಾ ಫಲಿತಾಂಶ ಬರೆಯುವುದು

“ಬ್ಯಾಡಗಿ ಮೆಣಸಿನಕಾಯಿಗೆ ಮೂರು ಗೊಬ್ಬರ, ಬ್ಲಾಕ್ ಇಲ್ಲದ 36 ತಾಕು. ಇಳುವರಿ, ಉದ್ದ, ಬಣ್ಣ ಅಳೆದಿದ್ದೇನೆ. ಥೀಸಿಸ್‌ನಲ್ಲಿ ಏನು ಬರೆಯಲಿ?”

ಮೊದಲು ಮೂರನ್ನೂ ಒಟ್ಟಿಗೆ ನೋಡಿದ ಸಾಲು ಬರಲಿ ಸರ್. ನಿಮ್ಮ ವಿಲ್ಕ್ಸ್ ಲ್ಯಾಂಬ್ಡಾ .49 ಅಂತಿಟ್ಟುಕೊಳ್ಳಿ, ಆಗ ಹೀಗೆ:

```
Wilks' Λ = .49, F(6, 62) = 4.43, p < .001
```

ಸುಮ್ನೆ p ಒಂದನ್ನೇ ಕೊಟ್ಟರೆ ಗೈಡ್ ವಾಪಸ್ ಕಳಿಸ್ತಾರೆ. ಬಾಕ್ಸ್ ಟೆಸ್ಟ್‌ನಲ್ಲಿ ತೊಂದರೆ ಕಂಡರೆ ಪಿಲ್ಲೈ ಟ್ರೇಸ್ ಕೊಡಿ, ಪ್ರತಿ ಗೊಬ್ಬರಕ್ಕೂ ತಾಕುಗಳ ಸಂಖ್ಯೆ ಸಮ ಇದ್ದಾಗ ಅದು ಜಾಸ್ತಿ ತಡೆದುಕೊಳ್ಳುತ್ತದೆ.

ಆಮೇಲೆ ಒಂದೊಂದಕ್ಕೂ ಬೇರೆ ಅನೋವಾ. ಮೂರು ಟೆಸ್ಟ್ ಆದ್ದರಿಂದ ಮಿತಿ .05/3, ಅಂದರೆ .017. ಉದ್ದಕ್ಕೆ F(2, 33) = 3.90, p = .030 ಬಂದರೆ ‘ವ್ಯತ್ಯಾಸ ಇದೆ’ ಅನ್ನುವಂತಿಲ್ಲ. ಆದರೂ ಆ ಸಾಲನ್ನು ಬಿಡಬೇಡಿ, ಸರಾಸರಿ ಸಮೇತ ಹಾಕಿ. ಮೂರೂ ಅನೋವಾ ಸಪ್ಪೆಯಾಗಿ ಮ್ಯಾನೋವಾ ಮಾತ್ರ ಗಟ್ಟಿ ಬಂದರೆ ಗಾಬರಿ ಬೇಡ: ವ್ಯತ್ಯಾಸ ಅಳತೆಗಳ ಜೋಡಣೆಯಲ್ಲಿದೆ, ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಮಾಡಿ ನೋಡಿ.