‘ಐದರೊಳಗೆ’ ಅಂದರೆ ಯಾವ ಐದು?

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ 2,400 ಮನೆಗಳಿವೆ. ಭಾನುವಾರದ ಕನ್ನಡ ಕ್ಲಾಸ್ ಶುರು ಮಾಡುವ ಮೊದಲು, ಗಣೇಶೋತ್ಸವಕ್ಕೆ ಬಂದ 100 ಮನೆಯವರನ್ನು ‘ಮಕ್ಕಳಿಗೆ ಕನ್ನಡ ಓದಲು ಬರುತ್ತಾ?’ ಅಂತ ಕೇಳಿದೆವು. 62 ಮನೆಯವರು ಬರುತ್ತದೆ ಅಂದರು. ಬಿ.ಎಸ್ಸಿ. ಓದುವ ಮಗಳು |p − 0.62| ≤ 0.095 ಅಂತ ಬರೆದುಕೊಟ್ಟಳು. ಅದರಲ್ಲಿ ಆ ಎರಡು ಗೀಟು ಯಾಕೆ? ಕಮಿಟಿಯವರು ‘ಉತ್ತರ 5 ಪರ್ಸೆಂಟ್ ಒಳಗೆ ಇರಬೇಕು, ಹತ್ತನೇ ಒಂದು ಭಾಗದ ಜನರನ್ನು ಕೇಳಿದರೆ ಸಾಕಲ್ವಾ’ ಅನ್ನುತ್ತಾರೆ. ಎಷ್ಟು ಮನೆ ಕೇಳಬೇಕು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಗಳು ಬರೆದದ್ದು ಸರಿ. ಮೊದಲು ಆ ಗೀಟುಗಳನ್ನೇ ನೋಡೋಣ. ಅವುಗಳ ಅರ್ಥ ಹಿಡಿದರೆ ಕಮಿಟಿಯ ಲೆಕ್ಕ ಎಲ್ಲಿ ಜಾರುತ್ತದೆ ಅಂತಲೂ ಗೊತ್ತಾಗುತ್ತದೆ.

ಕಾಲೇಜಿನಲ್ಲಿ ಇದನ್ನು ‘ಮಾಡ್’ ಅನ್ನುತ್ತಾರೆ, ಪುಸ್ತಕದಲ್ಲಿ ಅಬ್ಸಲ್ಯೂಟ್ ವ್ಯಾಲ್ಯೂ. ನನಗೆ ‘ದೂರ’ ಅನ್ನುವ ಮಾತೇ ಸಾಕು. ನೀವು ಸೆಂಟ್ರಲ್ ಲೈನಿನವರು, ಸ್ಲೋ ಲೋಕಲ್ ಗೊತ್ತಿರುತ್ತದೆ. ‘ದಾದರ್‌ನಿಂದ ಎರಡು ಸ್ಟೇಷನ್ ಒಳಗೆ ಮನೆ ಹುಡುಕುತ್ತಿದ್ದೇನೆ’ ಅಂತ ಯಾರಾದರೂ ಅಂದರೆ, ಸಿಎಸ್‌ಎಂಟಿ ಕಡೆಗೆ ಪರೇಲ್, ಕರಿ ರೋಡ್ ಸೇರುತ್ತವೆ. ಕಲ್ಯಾಣದ ಕಡೆಗೆ ಮಾಟುಂಗಾ, ಸಾಯನ್ ಸೇರುತ್ತವೆ. ಯಾವ ಕಡೆ ಅನ್ನುವುದು ಅವರಿಗೆ ಮುಖ್ಯವಲ್ಲ, ಎಷ್ಟು ದೂರ ಅನ್ನುವುದು ಮುಖ್ಯ. ಎರಡು ಗೀಟು ಮಾಡುವ ಕೆಲಸವೂ ಅಷ್ಟೇ. ಮೈನಸ್ಸು, ಪ್ಲಸ್ಸು ಅಳಿಸಿ ದೂರವನ್ನು ಮಾತ್ರ ಉಳಿಸುತ್ತದೆ.

ಇಲ್ಲಿ p ಅಂದರೆ ನಿಮ್ಮ 2,400 ಮನೆಗಳನ್ನೂ ಕೇಳಿದ್ದರೆ ಸಿಗುತ್ತಿದ್ದ ನಿಜವಾದ ಪಾಲು. ಅದು ನಮಗೆ ಗೊತ್ತಿಲ್ಲ. 0.62 ನಿಮ್ಮ ನೂರು ಮನೆಯಲ್ಲಿ ಸಿಕ್ಕ ಪಾಲು. ಗೀಟು ಬಿಚ್ಚಿ ಬರೆದರೆ ಹೀಗೆ:

```
−0.095 ≤ p − 0.62 ≤ 0.095
 0.525 ≤ p ≤ 0.715
```

ಅಂದರೆ ನಿಜವಾದ ಪಾಲು ಸುಮಾರು 52.5ರಿಂದ 71.5 ಪರ್ಸೆಂಟ್ ನಡುವೆ ಎಲ್ಲೋ ಇದೆ ಅಂತ ಹೇಳಿದ ಹಾಗೆ. ಈ ಪಟ್ಟಿಗೆ ಕಾನ್ಫಿಡೆನ್ಸ್ ಇಂಟರ್ವಲ್ ಎಂದು ಹೆಸರು. ನಡುವಿನಿಂದ ಒಂದು ತುದಿಗೆ ಇರುವ ದೂರ, ಅಂದರೆ 0.095, ಮಾರ್ಜಿನ್ ಆಫ್ ಎರರ್.

ಗೀಟುಗಳು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತವೆ. ಎಷ್ಟೋ ಪುಸ್ತಕಗಳು ಇದನ್ನು ಹೇಳದೆ ದಾಟಿಬಿಡುತ್ತವೆ. ನಿಜವಾದ ಪಾಲು ನಿಂತಲ್ಲೇ ನಿಂತಿದೆ, ಅಲುಗಾಡುವುದು ನಮ್ಮ ಸ್ಯಾಂಪಲ್. ಇವತ್ತು ಒಂದು ನೂರು ಮನೆ ಕೇಳಿದರೆ 62 ಬರಬಹುದು, ನಾಳೆ ಬೇರೆ ನೂರು ಕೇಳಿದರೆ 57 ಬರಬಹುದು. ಲೆಕ್ಕ ಹೇಳುವುದು ಇಷ್ಟನ್ನು: ಹೀಗೆ ಚೀಟಿ ಎತ್ತಿ ನೂರು ನೂರು ಮನೆಗಳನ್ನು ಮತ್ತೆ ಮತ್ತೆ ಆರಿಸಿದರೆ, 100ರಲ್ಲಿ ಸುಮಾರು 95 ಸಲ ಸ್ಯಾಂಪಲ್ಲಿನ ಪಾಲು ನಿಜದಿಂದ ಈ ದೂರದೊಳಗೆ ಬೀಳುತ್ತದೆ. ಇದು ಸ್ಯಾಂಪಲ್ ನಿಜದಿಂದ ಎಷ್ಟು ದೂರ ಅನ್ನುವ ಮಾತು. ನಮಗೆ ಬೇಕಾಗಿರುವುದು ನಿಜ ನಮ್ಮ ಸ್ಯಾಂಪಲ್‌ನಿಂದ ಎಷ್ಟು ದೂರ ಅನ್ನುವುದು. ದೂರಕ್ಕೆ ದಿಕ್ಕಿಲ್ಲವಾದ್ದರಿಂದ ಎರಡೂ ಒಂದೇ. ಸಾಯನ್ ದಾದರ್‌ನಿಂದ ಎರಡು ಸ್ಟೇಷನ್ ಆದರೆ, ದಾದರ್ ಕೂಡ ಸಾಯನ್‌ನಿಂದ ಎರಡೇ ಸ್ಟೇಷನ್. ಹಾಗಾಗಿ ಗೊತ್ತಿಲ್ಲದ p ಸುತ್ತ ಹಾಕಬೇಕಾದ ಬೇಲಿಯನ್ನು ಗೊತ್ತಿರುವ 0.62ರ ಸುತ್ತ ಹಾಕಬಹುದು.

ಈಗ 0.095 ಎಲ್ಲಿಂದ ಬಂತು ಅಂತ ನೋಡೋಣ. 95 ಪರ್ಸೆಂಟ್ ಭರವಸೆಗೆ ಬಳಸುವ ಸಂಖ್ಯೆ 1.96. ಅದನ್ನು √(0.62 × 0.38 / 100) ಜೊತೆ ಗುಣಿಸಿದರೆ 0.095 ಬರುತ್ತದೆ. ಈ ವರ್ಗಮೂಲದೊಳಗೆ p(1 − p) ಅನ್ನುವ ತುಂಡು ಇದೆಯಲ್ಲ, ಅದು ತಲೆನೋವು. ಸರ್ವೆಗೆ ಮೊದಲೇ ಎಷ್ಟು ಮನೆ ಬೇಕು ಅಂತ ಹೇಳಬೇಕು, ಆದರೆ ಅದನ್ನು ಹೇಳಲು ಸರ್ವೆಯ ಉತ್ತರವೇ ಬೇಕು! ಇದಕ್ಕೆ ದಾರಿ ಇದೆ. p(1 − p) ಅನ್ನು 0.25 − (p − 0.5)² ಅಂತ ಬರೆದುನೋಡಿ. p ಅರ್ಧದಿಂದ ಎಷ್ಟು ದೂರ ಹೋದರೆ ಅಷ್ಟು ಕಡಿಮೆಯಾಗುತ್ತದೆ, 0.25ಕ್ಕಿಂತ ಜಾಸ್ತಿ ಎಂದೂ ಆಗುವುದಿಲ್ಲ. ನಿಮ್ಮ 0.62ಕ್ಕೆ ಅದು 0.2356, ಅಂದರೆ ಹೆಚ್ಚು ಕಡಿಮೆ ಅಷ್ಟೇ. ಆದ್ದರಿಂದ ಕಣ್ಣುಮುಚ್ಚಿ 0.25 ಹಾಕಿ. ಉತ್ತರ ಏನೇ ಬಂದರೂ ಮಾರ್ಜಿನ್ ನೀವು ಹೇಳಿದ್ದಕ್ಕಿಂತ ಅಗಲವಾಗುವುದಿಲ್ಲ.

ಕಮಿಟಿ ಕೇಳಿದ 5 ಪರ್ಸೆಂಟನ್ನು ಈಗ ಅಸಮತೆಯಾಗಿ ಬಿಡಿಸೋಣ. ಕೇಳಬೇಕಾದ ಮನೆಗಳ ಸಂಖ್ಯೆ n ಅಂತಿಟ್ಟುಕೊಳ್ಳಿ. 0.25ರ ವರ್ಗಮೂಲ 0.5, ಅದನ್ನು 1.96ರಿಂದ ಗುಣಿಸಿದರೆ 0.98.

```
0.98 / √n ≤ 0.05
√n ≥ 19.6
n ≥ 384.16
```

384 ಮನೆ ಸಾಲದು, 385 ಬೇಕು. 384.16 ಅನ್ನು 384 ಅಂತ ಹತ್ತಿರದ ಸಂಖ್ಯೆಗೆ ತರುವುದು ಬಿಲ್ ಕೊಡುವಾಗ ಸರಿ, ಇಲ್ಲಿ ಅಲ್ಲ. ‘ಇಷ್ಟಾದರೂ ಬೇಕು’ ಅನ್ನುವ ಅಸಮತೆಯಲ್ಲಿ ಯಾವಾಗಲೂ ಮೇಲಕ್ಕೇ ಹೋಗಬೇಕು.

ಕಮಿಟಿಯನ್ನು ಒಂದು ಮಾತು ಕೇಳಿ: ನಿಮ್ಮ ‘5 ಪರ್ಸೆಂಟ್ ಒಳಗೆ’ ಅಂದರೆ ಯಾವ ಐದು? ನಡುವಿನಿಂದ ಆಚೆಗೆ 5, ಈಚೆಗೆ 5 ಅಂತಲೋ, ಅಥವಾ ಈ ತುದಿಯಿಂದ ಆ ತುದಿಗೆ ಒಟ್ಟು 5 ಅಂತಲೋ? ದಾದರ್‌ನಿಂದ ಎರಡು ಸ್ಟೇಷನ್ ಒಳಗೆ ಅಂದಾಗ ಕರಿ ರೋಡಿನಿಂದ ಸಾಯನ್‌ಗೆ ನಾಲ್ಕು ಸ್ಟೇಷನ್ ದೂರ ಆಯಿತಲ್ಲ, ಹಾಗೆ. ಮೊದಲನೆಯದಾದರೆ 385. ಎರಡನೆಯದಾದರೆ ಮಾರ್ಜಿನ್ 2.5 ಆಗಬೇಕು, √n ಆಗ 39.2, n ಆಗ 1,537. ಅರ್ಧ ಮಾಡಿದ್ದು ಮಾರ್ಜಿನ್, ನಾಲ್ಕು ಪಟ್ಟಾದದ್ದು ಕೆಲಸ. n ವರ್ಗಮೂಲದೊಳಗೆ ಕೂತಿರುವುದೇ ಇದಕ್ಕೆ ಕಾರಣ. ಮೀಟಿಂಗಿನಲ್ಲಿ ಯಾರಾದರೂ ‘ಇನ್ನೂ ಸ್ವಲ್ಪ ಬಿಗಿ ಮಾಡೋಣ’ ಅಂತ ಸುಮ್ನೆ ಹೇಳಿಬಿಡುತ್ತಾರೆ. ಮನೆ ಮನೆ ಸುತ್ತುವವರು ಅವರಲ್ಲ, ಅಲ್ವಾ? ಕನ್ನಡ ಕ್ಲಾಸ್ ಬೇಕೋ ಬೇಡವೋ ತೀರ್ಮಾನಿಸಲು ಆಚೀಚೆ 5 ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ವಿಷಯದಲ್ಲಿ 385 ಕೂಡ ಬೇಡ. ಮೇಲಿನ ಸೂತ್ರ ತುಂಬ ದೊಡ್ಡ ಗುಂಪಿಗೆ ಮಾಡಿದ್ದು. ಇರುವುದೇ 2,400 ಮನೆ, ಅದರಲ್ಲಿ ಒಳ್ಳೆಯ ಪಾಲನ್ನು ನೀವು ಕೇಳಿಯೇಬಿಡುತ್ತೀರಿ. ಆಗ ಊಹೆಗೆ ಉಳಿಯುವುದು ಕಡಿಮೆ. ತಿದ್ದುವುದು ಹೀಗೆ:

```
384.16 / (1 + 383.16/2400) = 331.3
```

ಮೇಲಕ್ಕೆ ತಂದರೆ 332 ಮನೆ.

‘ಹತ್ತನೇ ಒಂದು ಭಾಗ’ ಅನ್ನುವ ನಿಯಮ ಎಲ್ಲ ಸಂಘಗಳಲ್ಲೂ ಓಡಾಡುತ್ತದೆ, ಅದಕ್ಕೆ ಆಧಾರವಿಲ್ಲ. ನಿಮ್ಮಲ್ಲಿ 240 ಮನೆ ಕೇಳಿದರೆ ಮಾರ್ಜಿನ್ ಸುಮಾರು 6 ಬರುತ್ತದೆ, ಪರವಾಗಿಲ್ಲ. ಅದೇ 200 ಮನೆಗಳ ಸಂಘದಲ್ಲಿ 20 ಮನೆ ಕೇಳಿದರೆ ಮಾರ್ಜಿನ್ ಸುಮಾರು 21! ಒಂದು ಕೋಟಿ ಜನರ ಊರಿಗಾದರೋ ಹತ್ತನೇ ಒಂದು ಭಾಗ ಹತ್ತು ಲಕ್ಷ, ಅಲ್ಲಿ ಆಚೀಚೆ 5ಕ್ಕೆ 385 ಸಾಕು. ಸೂತ್ರದಲ್ಲಿ ಮುಖ್ಯವಾಗಿ ಕೂತಿರುವುದು ಎಷ್ಟು ಜನರನ್ನು ಕೇಳಿದಿರಿ ಅನ್ನುವುದು, ಒಟ್ಟಿನ ಎಷ್ಟನೇ ಪಾಲು ಅನ್ನುವುದಲ್ಲ. ಹಾಗಾದರೆ ದೇವನಾರ್‌ನಲ್ಲಿರುವ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸಿದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗೆ ಆರು ಲಕ್ಷಕ್ಕೂ ಜಾಸ್ತಿ ಮನೆ ಯಾಕೆ ಬೇಕಾಯಿತು ಅಂತ ನೀವು ಕೇಳಬಹುದು. ಅಲ್ಲಿ 707 ಜಿಲ್ಲೆಗೂ ಬೇರೆ ಬೇರೆ ಉತ್ತರ ಬೇಕಿತ್ತು. ಪಾಲು ಹಾಕಿದರೆ ಜಿಲ್ಲೆಗೆ ಸುಮಾರು 900 ಮನೆ. ನಿಮ್ಮ ಕಮಿಟಿಗೂ ಡೊಂಬಿವಲಿ ಈಸ್ಟ್, ವೆಸ್ಟ್ ಅಂತ ಬೇರೆ ಬೇರೆ ಅಂಕಿ ಆಚೀಚೆ 5ರಲ್ಲೇ ಬೇಕಾದರೆ, ಒಂದೊಂದಕ್ಕೂ ಬೇರೆ ಲೆಕ್ಕ ಹಾಕಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ನನಗೆ ಕಸಿವಿಸಿ ಮಾಡುವುದು ನಿಮ್ಮ ಪ್ರಶ್ನೆಯ ‘ಗಣೇಶೋತ್ಸವಕ್ಕೆ ಬಂದ’ ಅನ್ನುವ ಮಾತು. ಸಂಘದ ಕಾರ್ಯಕ್ರಮಕ್ಕೆ ಮಕ್ಕಳನ್ನು ಕರೆದುಕೊಂಡು ಬರುವ ಮನೆಯಲ್ಲಿ ಕನ್ನಡ ಜಾಸ್ತಿ ಇರುತ್ತದೆ. ವರ್ಗಣಿ ಕೊಟ್ಟು ಸುಮ್ಮನಾಗುವವರು, ಮನೆಯಲ್ಲಿ ಮರಾಠಿ, ಹಿಂದಿಯಲ್ಲೇ ಮಾತಾಡುವವರು ಆ ದಿನ ಬಂದಿರಲಿಕ್ಕಿಲ್ಲ. ಮಾರ್ಜಿನ್ ಅಳೆಯುವುದು ಚೀಟಿ ಎತ್ತುವಾಗಿನ ಅದೃಷ್ಟದ ಏರುಪೇರನ್ನು ಮಾತ್ರ. ಡಬ್ಬಿಯಲ್ಲಿ ಎಲ್ಲರ ಚೀಟಿಯೂ ಇಲ್ಲದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಹಾಗೆ ಬಂದವರನ್ನೇ 332ರ ಬದಲು ಸಾವಿರ ಮನೆ ಕೇಳಿದರೂ ಪಟ್ಟಿ ಕಿರಿದಾಗುತ್ತದೆ, ಆದರೆ ತಪ್ಪು ಜಾಗದಲ್ಲಿ ಕಿರಿದಾಗುತ್ತದೆ. ಆ ನೂರು ಮನೆಯ ಉತ್ತರವನ್ನು ಹೊಸ ಲೆಕ್ಕಕ್ಕೆ ಸೇರಿಸಬೇಡಿ.

ಮಾಡಬೇಕಾದ್ದು ಕಷ್ಟವಿಲ್ಲ. ಸದಸ್ಯರ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಖಾಲಿ ಕಾಲಂನಲ್ಲಿ =RAND() ಹಾಕಿ ಕೆಳಗಿನವರೆಗೂ ಎಳೆಯಿರಿ. ಆ ಕಾಲಂ ಮೇಲೆ ಸಾರ್ಟ್ ಮಾಡಿ, ಮೊದಲ 332 ಹೆಸರು ತೆಗೆದುಕೊಳ್ಳಿ. ಆಮೇಲೆ ಫೋನ್ ಎತ್ತದವರ ಬದಲಿಗೆ ಕೆಳಗಿನ ಹೆಸರು ಹಾಕಿಕೊಳ್ಳುವ ಆಸೆ ಬರುತ್ತದೆ, ಬೇಡ. ಸಂಜೆ ಒಂದು ಸಲ, ಭಾನುವಾರ ಬೆಳಿಗ್ಗೆ ಒಂದು ಸಲ ಮತ್ತೆ ಪ್ರಯತ್ನಿಸಿ. ಮೊದಲ ಫೋನಿಗೇ ಸಿಕ್ಕವರ ‘ಬರುತ್ತದೆ’ ಪಾಲನ್ನು, ಮೂರನೇ ಸಲಕ್ಕೆ ಸಿಕ್ಕವರ ಪಾಲಿನ ಪಕ್ಕದಲ್ಲಿಟ್ಟು ನೋಡಿ. ಎರಡೂ ಹತ್ತಿರ ಇದ್ದರೆ ಕೊನೆಗೂ ಸಿಗದೆ ಉಳಿದವರ ಬಗ್ಗೆ ಚಿಂತೆ ಸ್ವಲ್ಪ ಕಡಿಮೆ. 65 ಮತ್ತು 40ರ ಹಾಗೆ ದೂರ ದೂರ ಇದ್ದರೆ, ಮಗಳ ಅಸಮತೆಯನ್ನು ಬೋರ್ಡಿಗೆ ಹಾಕುವ ಮೊದಲು ಆ ಉಳಿದವರ ಮನೆಗೆ ಯಾರಾದರೂ ಹೋಗಿ ಬರಬೇಕು.