ಫೇಲಾದ ಬೋರಿನ ಜೊತೆ ಮಾತು

"ಸರ್, ನಾನು ಶ್ರೀನಿವಾಸಪುರದ ಕಡೆಯವನು. ನಮ್ಮ ತೋಟದಲ್ಲಿ ಫೇಲಾದ ಬೋರ್‌ವೆಲ್ ಜೊತೆ ಮಾತಾಡೋ ಥರ ಒಂದು ಪದ್ಯ ಬರೆದಿದ್ದೀನಿ. ಅಪ್ಪ ತೀರಿಕೊಂಡ ಮೇಲೆ ಬರೆದದ್ದು. ಓದಿದವರು ವಿಷಯ ಚೆನ್ನಾಗಿದೆ, ಆದ್ರೆ ಎದೆಗೆ ತಟ್ಟಲ್ಲ ಅಂತಾರೆ. ಇನ್ನೂ ಭಾವನೆ ತುಂಬಬೇಕಾ?"

ನಮಸ್ಕಾರ.

ತುಂಬುವುದು ಬೇಡ. ಭಾವನೆ ಈಗಾಗಲೇ ಇದೆ, ಆದರೆ ನೀವು ಅದನ್ನು ಮೂರನೇ ಚರಣದಲ್ಲಿ ಮುಚ್ಚಿಟ್ಟು, ಉಳಿದ ಕಡೆಯೆಲ್ಲ ಕೂಗಿದ್ದೀರಿ.

ಮೊದಲು ಈ ಸಾಲುಗಳನ್ನು ನೋಡಿ: "ಓ ಕೊಳವೆಬಾವಿಯೇ, ನೀನು ಸಾವಿರದಿನ್ನೂರು ಅಡಿ ಆಳ, ಓ ಕೊಳವೆಬಾವಿಯೇ, ನಿನಗೆ ಸುರಿದದ್ದು ಐದು ಲಕ್ಷ ಸಾಲ." ತನ್ನ ಆಳ ಬಾವಿಗೆ ಗೊತ್ತಿಲ್ವಾ? ಇದು ಬಾವಿಗೆ ಹೇಳಿದ ಮಾತಲ್ಲ. ಬಾವಿಯ ಕಡೆ ಮುಖ ಮಾಡಿ ಓದುಗನಿಗೆ ಕೊಟ್ಟ ವಿವರ. ಒಂದು ಪರೀಕ್ಷೆ ಮಾಡಿ. "ಓ" ತೆಗೆಯಿರಿ, "ನೀನು" ಇದ್ದಲ್ಲಿ "ಅದು" ಹಾಕಿ. "ಅದು ಸಾವಿರದಿನ್ನೂರು ಅಡಿ ಆಳ, ಅದಕ್ಕೆ ಸುರಿದದ್ದು ಐದು ಲಕ್ಷ ಸಾಲ." ಏನೂ ಕಳೆದುಹೋಗಲಿಲ್ಲ. ಹಾಗಾದರೆ ಇಲ್ಲಿ ಕರೆದದ್ದು ಸುಮ್ನೆ ಅಲಂಕಾರಕ್ಕೆ.

ಕೇಳುವವನಿಗೆ ಗೊತ್ತಿರುವುದನ್ನು ಹೇಳಲೇಬಾರದು ಅಂತಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸತ್ತುಬಿದ್ದ ದುಶ್ಶಾಸನನ ಮುಂದೆ ನಿಂತು ಮಾತಾಡುತ್ತಾನೆ. ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಒಳ್ಳೆಯ ಊಟವನ್ನೂ ಮೊದಲು ನಾನು ಉಂಡೆ, ಆಮೇಲೆ ನೀನು. ಚಿಕ್ಕಂದಿನಿಂದ ಈ ಕ್ರಮ ಮೀರದವನು ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲ ಅನ್ನುತ್ತಾನೆ. ಇದೆಲ್ಲ ತಮ್ಮನಿಗೆ ಗೊತ್ತಿದ್ದ ಸಂಗತಿಯೇ. ಆದರೆ ಇಲ್ಲಿ ಅದು ಮಾಹಿತಿಯಾಗಿ ಉಳಿದಿಲ್ಲ, ದೂರಾಗಿದೆ. ದೂರು ತಮ್ಮನ ಮೇಲೆ, ಆದರೆ ಬಯಲಾಗುವವನು ಅಣ್ಣ. ಎಲ್ಲದರಲ್ಲೂ ಮೊದಲು ನಿಂತವನು ತಮ್ಮನನ್ನು ಉಳಿಸಿಕೊಳ್ಳುವುದರಲ್ಲಿ ಸೋತಿದ್ದಾನೆ. ಆ ಮಾತನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಸತ್ತವನನ್ನು ಬೈಯುವಾಗ ಅದು ಹೊರಗೆ ಬರುತ್ತದೆ. ಎದುರಿಗಿಲ್ಲದವರ ಜೊತೆ, ಕಿವಿಯಿಲ್ಲದ ವಸ್ತುವಿನ ಜೊತೆ ಮಾತಾಡುವ ಪದ್ಯಕ್ಕೆ ಬಲ ಬರುವುದು ಇಲ್ಲಿಂದಲೇ. ಉತ್ತರ ಬರುವುದಿಲ್ಲ, ಹಾಗಾಗಿ ಕೇಳಿದ ಪ್ರಶ್ನೆ ಕೇಳಿದವನ ಹತ್ತಿರವೇ ಉಳಿಯುತ್ತದೆ.

ಈಗ ನಿಮ್ಮ ಮೂರನೇ ಚರಣಕ್ಕೆ ಬರೋಣ. "ಅಂಗೈ ಮೇಲೆ ಕಾಯಿ ಎದ್ದು ನಿಂತಾಗ ನೀನ್ಯಾಕೆ ಬೇಡ ಅನ್ನಲಿಲ್ಲ?" ಇಲ್ಲಿ "ಅದ್ಯಾಕೆ ಬೇಡ ಅನ್ನಲಿಲ್ಲ" ಎಂದು ಬದಲಿಸಿ ನೋಡಿ. ಸಾಲು ಸತ್ತೇ ಹೋಗುತ್ತದೆ. ಅಂದರೆ ಇಲ್ಲಿ ನೀವು ನಿಜವಾಗಿಯೂ ಯಾರನ್ನೋ ಕೇಳುತ್ತಿದ್ದೀರಿ. ಯಾರನ್ನು? ನಮ್ಮ ಕಡೆ ತೆಂಗಿನಕಾಯಿ ಹಿಡಿದು ನೀರಿನ ಪಾಯಿಂಟ್ ತೋರಿಸುವಾಗ ಬೋರು ಇನ್ನೂ ಕೊರೆದೇ ಇರುವುದಿಲ್ಲ. ಲಾರಿ ಬರುವುದು ಆಮೇಲೆ. ಇಲ್ಲದ ಬಾವಿ ಬೇಡ ಅನ್ನುವುದು ಹೇಗೆ? ಪಕ್ಕದ ಚರಣದಲ್ಲಿ ನೀವೇ ಬರೆದಿದ್ದೀರಿ, ಆ ಹೊತ್ತು ಅಲ್ಲಿ ಪಾಯಿಂಟ್ ತೋರಿಸುವವರು, ಅಪ್ಪ ಮತ್ತು ನೀವು ಇದ್ದಿರಿ. ಬೇಡ ಅನ್ನಬಹುದಾಗಿದ್ದವನು ಮಗ. ನಿಮ್ಮ ಪದ್ಯ ಬಾವಿಯನ್ನು ಬೈಯುತ್ತಾ ಮಗನನ್ನು ತೋರಿಸಿಬಿಟ್ಟಿದೆ. ಇದು ನಿಮಗೆ ಗೊತ್ತಿದ್ದು ಬಂತೋ ಗೊತ್ತಿಲ್ಲದೆ ಬಂತೋ, ಇಡೀ ಪದ್ಯದ ಜೀವ ಇದೇ.

ಆದರೆ ನಾಲ್ಕನೇ ಚರಣದಲ್ಲಿ ಗಾಬರಿಯಾಗಿ "ಕ್ಷಮಿಸು ಅಪ್ಪ, ತಪ್ಪು ನನ್ನದು" ಎಂದು ಬರೆದುಬಿಟ್ಟಿರಿ. ಅದನ್ನು ಹೊಡೆದುಹಾಕಿ. ಮಾತು ಅಪ್ಪನ ಕಡೆ ತಿರುಗಿದ ಕೂಡಲೇ ಬಾವಿ ಬರೀ ನೆಪವಾಗುತ್ತದೆ. ಓದುಗ ತಾನೇ ಕಂಡುಕೊಳ್ಳಬೇಕಾದ್ದನ್ನು ನೀವು ಕೈಗೆ ಕೊಟ್ಟ ಹಾಗಾಗುತ್ತದೆ. ಕೊನೆಯ ಅಕ್ಷರದವರೆಗೂ ಬಾವಿಯನ್ನೇ ಬೈಯಿರಿ. ಜಾಸ್ತಿ ಅನ್ಯಾಯವಾಗಿ ಬೈದಷ್ಟೂ ಒಳ್ಳೆಯದು.

ಇನ್ನೊಂದು ಸಣ್ಣ ತಿದ್ದುಪಡಿ, ಆದರೆ ಬಹಳ ಕೆಲಸ ಮಾಡುತ್ತದೆ. ಕೊನೆಯಲ್ಲಿ "ಬರೀ ಧೂಳು ಎದ್ದಾಗ ನೀನು ಸುಮ್ಮನಾದೆ" ಎಂದಿದೆ. "ನೀನು" ತೆಗೆದುಬಿಡಿ. ನಾವು ಆಡುವ ಕನ್ನಡದಲ್ಲಿ ನಾನೂ ಸುಮ್ಮನಾದೆ, ನೀನೂ ಸುಮ್ಮನಾದೆ. "ಬರೀ ಧೂಳು ಎದ್ದಾಗ ಸುಮ್ಮನಾದೆ" ಅಂದರೆ ಸುಮ್ಮನಾದದ್ದು ಬಾವಿಯೋ ಮಗನೋ, ಎರಡೂ ಒಟ್ಟಿಗೆ ಕೇಳಿಸುತ್ತದೆ. ಇದು ಕೆಲಸ ಮಾಡಬೇಕಾದರೆ ಮುಂಚಿನ ಸಾಲುಗಳಲ್ಲಿ "ನಾನು" ಒಂದೆರಡು ಸಲವಾದರೂ ಬಂದಿರಬೇಕು. ಈಗ ಅಷ್ಟು ಬಂದಿಲ್ಲ. ಕಾಯಿ ನಿಂತ ಜಾಗದಲ್ಲಿ ನೀವು ಎಲ್ಲಿ ನಿಂತಿದ್ದಿರಿ, ಕೈಯಲ್ಲಿ ಏನಿತ್ತು, ಅದನ್ನು ಬಾವಿಗೆ ಹೇಳಿ. ಅದು ಮಾತ್ರ ಬಾವಿಗೆ ಗೊತ್ತಿಲ್ಲದ ಸಂಗತಿ.

"ಓ" ಒಂದೂ ಬೇಡ. "ಬೋರೇ" ಎಂದು ಒಂದು ಸಲ ಕರೆದರೆ ಸಾಕು. ಮನೆಯಲ್ಲಿ ಯಾರೂ ಅದನ್ನು ಕೊಳವೆಬಾವಿ ಅನ್ನಲ್ಲ, ಅಲ್ವಾ? ಆಳ, ಸಾಲದ ಲೆಕ್ಕ ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ, ಅದನ್ನೂ ದೂರಿನ ದನಿಯಲ್ಲಿ. ಈಗಿರುವ ಹಾಗೆ ನಾನು ಇದನ್ನು ಪ್ರಕಟಿಸುವುದಿಲ್ಲ. ಮೂರನೇ ಚರಣದಿಂದಲೇ ಪದ್ಯ ಶುರುಮಾಡಿ, ತಿದ್ದಿ ಮತ್ತೆ ಕಳಿಸಿ.