ಬ್ರೈನ್ ಡೆತ್ ಘೋಷಣೆಯ ನಂತರ ಕುಟುಂಬದವರೊಂದಿಗೆ ಅಂಗದಾನದ ಮಾತನ್ನು ಆರಂಭಿಸುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ಐಸಿಯುನಲ್ಲಿ ನರ್ಸ್ ಆಗಿದ್ದೇನೆ. ಬ್ರೈನ್ ಡೆತ್ ಆದ ಮೇಲೆ ಮನೆಯವರಿಗೆ ಅಂಗದಾನದ ವಿಷಯ ಯಾವಾಗ, ಹೇಗೆ ಹೇಳಬೇಕು?

ಉತ್ತರ: ಸಾವಿನ ಸುದ್ದಿಯನ್ನೂ ದಾನದ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು. ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷೆ ನಡೆದು, ನಾಲ್ವರು ವೈದ್ಯರ ಮಂಡಳಿ ಸಹಿ ಮಾಡಿದ ಮೇಲೆ, ಚಿಕಿತ್ಸೆ ನೀಡಿದ ವೈದ್ಯರೇ ಪ್ರತ್ಯೇಕ ಕೋಣೆಯಲ್ಲಿ ಸಾವನ್ನು ತಿಳಿಸಬೇಕು.

ಹರಿಹರದ ಬಳಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಯುವಕನೊಬ್ಬನ ತಾಯಿಯನ್ನು ಊಹಿಸಿಕೊಳ್ಳಿ. "ಎದೆ ಇನ್ನೂ ಏರಿಳೀತೈತಲ್ರೀ, ಮೈ ಬೆಚ್ಚಗೈತಲ್ರೀ" ಎಂದು ಆಕೆ ಕೇಳುತ್ತಾರೆ. "ಮೆದುಳು ಸತ್ತಿದೆ" ಎಂದರೆ ಉಳಿದ ದೇಹ ಬದುಕಿದೆ ಎಂದೇ ಅವರಿಗೆ ಕೇಳಿಸುತ್ತದೆ, ಆದ್ದರಿಂದ "ಅಮ್ಮಾ, ನಿಮ್ಮ ಮಗ ತೀರಿಕೊಂಡಿದ್ದಾನೆ, ಉಸಿರಾಡುತ್ತಿರುವುದು ಯಂತ್ರ, ಅದರ ಆಮ್ಲಜನಕದಿಂದಲೇ ಹೃದಯ ಸ್ವಲ್ಪ ಕಾಲ ಮಿಡಿಯುತ್ತಿದೆ" ಎನ್ನಬೇಕು. ಯಂತ್ರ ತಪ್ಪಿಸಿದಾಗ ಅವನು ಸ್ವಂತವಾಗಿ ಒಮ್ಮೆಯೂ ಉಸಿರೆಳೆಯಲಿಲ್ಲವೆಂಬುದನ್ನು ತಿಳಿಸಿ, ನಂತರ ಸುಮ್ಮನಿರಿ. ಆ ಮೌನವನ್ನು ತುಂಬಲು ಹೋಗುವುದೇ ನಾವು ಹೆಚ್ಚಾಗಿ ಮಾಡುವ ತಪ್ಪು.

"ಇನ್ನೆಷ್ಟು ದಿನಕ್ಕೆ ಎಚ್ಚರ ಆಗ್ತಾನೆ?" ಎಂಬ ಪ್ರಶ್ನೆ ಬರುತ್ತಿದ್ದರೆ ಸಾವು ಇನ್ನೂ ಮನಸ್ಸಿಗೆ ಇಳಿದಿಲ್ಲ. "ಊರಿಗೆ ಯಾವಾಗ ಕರ್ಕೊಂಡು ಹೋಗಬಹುದು?" ಎಂದು ಮಣ್ಣಿನ ಮಾತು ಬಂದಾಗ, ತರಬೇತಿ ಪಡೆದ ಸಂಯೋಜಕರು ದಾನವೂ ಒಂದು ಆಯ್ಕೆಯೆಂದು ತಿಳಿಸಲಿ. ಅಪಘಾತದ ಪ್ರಕರಣವಾದ್ದರಿಂದ ಪೊಲೀಸರ ಪ್ರಕ್ರಿಯೆ, ಶವಪರೀಕ್ಷೆ ಇರುತ್ತವೆಯೆಂದೂ, ದೇಹವನ್ನು ಹೊಲಿದು ಗೌರವದಿಂದ ಒಪ್ಪಿಸಲಾಗುವುದೆಂದೂ ಮೊದಲೇ ಹೇಳಬೇಕು. ಬೇಡವೆಂದರೆ ಕಾರಣ ಕೆದಕದೆ ಅದನ್ನು ಒಪ್ಪಿಕೊಳ್ಳಿ.